ಸಾವ್ವಾರ್, ಕೊನೇತ್ರ್ ಮತ್ತು ನನ್ನ ಬಿ1 ಪರೀಕ್ಷೆ

ಹೋದ ವಾರ ಪಾಸಾದ ಪತ್ರ ಕೈಗೆ ಬಂತು. 100ಕ್ಕೆ 62.5. ದೊಡ್ಡ ಅಂಕವೇನಲ್ಲ, ಆದರೆ ಇದಕ್ಕೆ ನಾನು ಎರಡು ಸಲ ಪರೀಕ್ಷೆ ಬರೆದಿದ್ದೇನೆ, ಎರಡು ಸಲ ಫೀಸು ಕಟ್ಟಿದ್ದೇನೆ. ಐದು ತಿಂಗಳು ಎರಡು ಕ್ರಿಯಾಪದಗಳ ಜೊತೆ ಗುದ್ದಾಡಿದ್ದೇನೆ. ಎರಡಕ್ಕೂ ಕನ್ನಡದಲ್ಲಿ 'ಗೊತ್ತು' ಅಂತಲೇ ಅರ್ಥ. ಒಂದು ಸಾವ್ವಾರ್, ಇನ್ನೊಂದು ಕೊನೇತ್ರ್. ಫ್ರೆಂಚ್ ಕಲಿಯುತ್ತಿರುವ ನಮ್ಮವರು ಯಾರಾದರೂ ಇದೇ ಗೊಂದಲದಲ್ಲಿದ್ದರೆ ಅವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಫ್ರೆಂಚ್ ಮಾತುಗಳನ್ನು ಕಿವಿಗೆ ಕೇಳುವ ಹತ್ತಿರದ ರೂಪದಲ್ಲಿ ಕನ್ನಡದಲ್ಲೇ ಕೊಟ್ಟಿದ್ದೇನೆ. ಪೂರ್ತಿ ಉಚ್ಚಾರ ನಮ್ಮ ಅಕ್ಷರದಲ್ಲಿ ಬರುವುದಿಲ್ಲ.

ನಾವು ಹಾಸನದವರು. ನಮ್ಮ ಯಜಮಾನರ ಕೆಲಸದ ಮೇಲೆ ಫ್ರಾನ್ಸಿನ ತುಲೂಸ್‌ಗೆ ಬಂದು ಐದು ವರ್ಷ ದಾಟಿತು. ಐದು ವರ್ಷ ಆದಮೇಲೆ ಹತ್ತು ವರ್ಷದ ವಾಸದ ಕಾರ್ಡಿಗೆ ಅರ್ಜಿ ಹಾಕಬಹುದು. ಮುಂಚೆ ಇದಕ್ಕೆ ಎ2 ಮಟ್ಟದ ಫ್ರೆಂಚ್ ಸಾಕಿತ್ತು. 2024ರ ಜನವರಿ 26ರ ಕಾನೂನು ಅದನ್ನು ಬಿ1ಗೆ ಏರಿಸಿತು. 2026ರ ಜನವರಿ 1ರಿಂದ ಅದು ಜಾರಿಗೆ ಬಂತು. ನಾನು ಅರ್ಜಿ ಹಾಕಬೇಕಾಗಿದ್ದು 2026ರಲ್ಲೇ. ಹಾಗಾಗಿ ನವೆಂಬರಿನಲ್ಲಿ ಡೆಲ್ಫ್ ಅನ್ನುವ ಫ್ರೆಂಚ್ ಭಾಷೆಯ ಪರೀಕ್ಷೆಗೆ, ಅದರ ಬಿ1 ಮಟ್ಟಕ್ಕೆ, ಹೆಸರು ಕೊಟ್ಟೆ. ಫೀಸು ಸುಮಾರು 150 ಯೂರೋ ಆಯಿತು. ಕೇಂದ್ರದಿಂದ ಕೇಂದ್ರಕ್ಕೆ ಇದು ಬೇರೆ ಬೇರೆ ಇರುತ್ತೆ, ಎರಡು ಮೂರು ಕಡೆ ವಿಚಾರಿಸಿ.

ಹೆಸರು ಕೊಡುವಾಗಲೇ ಒಂದು ತೊಡಕು. ನನ್ನ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇದೆ. ನಮ್ಮ ಕಡೆ ಎಷ್ಟೋ ಜನರದ್ದು ಹೀಗೇ ಅಲ್ವಾ, ಇನಿಷಿಯಲ್ ಇದ್ದರೆ ಆಯಿತು. ಇಲ್ಲಿನ ಅರ್ಜಿಯಲ್ಲಿ ಆ ಜಾಗ ತುಂಬದೆ ಮುಂದೆ ಹೋಗುವ ಹಾಗಿಲ್ಲ. ನಾನು ಸುಮ್ನೆ ಅಪ್ಪನ ಹೆಸರು ಹಾಕಿಬಿಟ್ಟೆ. ಆಮೇಲೆ ಅದನ್ನು ಸರಿಪಡಿಸಲು ಮೂರು ವಾರ ಮೇಲ್ ಬರೆಯಬೇಕಾಯಿತು. ನಿಮ್ಮ ವಾಸದ ಕಾರ್ಡಿನಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಅಕ್ಷರ ಬಿಡದೆ ಹಾಗೇ ಬರೆಯಿರಿ. ಪಾಸಾದ ಪತ್ರದಲ್ಲಿ ಬರುವುದೂ ಅದೇ ಹೆಸರು.

ಡೆಲ್ಫ್ ಬಿ1ರಲ್ಲಿ ನಾಲ್ಕು ಭಾಗ: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ಒಂದೊಂದಕ್ಕೆ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಕೇಳುವುದು ಓದುವುದು ನನಗೆ ಅಷ್ಟು ಕಷ್ಟ ಆಗಲಿಲ್ಲ. ಬರೆಯುವ ಭಾಗದಲ್ಲಿ 45 ನಿಮಿಷದಲ್ಲಿ ಕನಿಷ್ಠ 160 ಪದ ಬರೆಯಬೇಕು. ಹೊಸ ಊರಿಗೆ ಬಂದ ಅನುಭವದ ಬಗ್ಗೆ ಗೆಳತಿಗೆ ಪತ್ರ ಬರೆಯಿರಿ ಅಂತ ಬಂದಿತ್ತು. ನನ್ನದೇ ಕಥೆ, ಸುಲಭ ಅಂದುಕೊಂಡು ಬರೆದೆ.

ಮಧ್ಯಾಹ್ನ ಮಾತಿನ ಪರೀಕ್ಷೆ. ಕಾರಿಡಾರಿನಲ್ಲಿ ಒಂದೂವರೆ ಗಂಟೆ ಕಾದೆ. ಒಳಗೆ ಇಬ್ಬರು ಪರೀಕ್ಷಕರು. ಮೊದಲು ಎರಡು ಮೂರು ನಿಮಿಷ ನಮ್ಮ ಬಗ್ಗೆ ಮಾತು. ಇಲ್ಲಿ ಸ್ನೇಹಿತರು ಇದ್ದಾರಾ ಅಂತ ಕೇಳಿದರು. "ವುಯಿ, ಜು ಸೇ ಬೋಕು ದ ಜಾಂ" ಅಂದೆ. ನನಗೆ ತುಂಬಾ ಜನ ಗೊತ್ತು ಅನ್ನುವುದು ನನ್ನ ಲೆಕ್ಕ. ಎದುರಿಗಿದ್ದ ಹೆಂಗಸು ತಲೆಯಾಡಿಸಿ ಮೆಲ್ಲಗೆ, "ಆಲೋರ್, ವು ಕೊನೇಸೇ ಬೋಕು ದ ಮೋಂದ್" ಅಂದರು. ನನ್ನ ಮಾತನ್ನೇ ತಿದ್ದಿ ವಾಪಸ್ ಕೊಟ್ಟರು ಅನ್ನುವುದು ನನಗೆ ಮನೆಗೆ ಬಂದ ಮೇಲೆ ಹೊಳೆಯಿತು. ನೀವು ಹೇಳಿದ ಮಾತನ್ನು ಯಾರಾದರೂ ಸ್ವಲ್ಪ ಬದಲಿಸಿ ತಿರುಗಿ ಹೇಳಿದರೆ ಅಲ್ಲಿ ಕಿವಿ ಕೊಡಿ. ತಪ್ಪು ಎಲ್ಲಿದೆ ಅಂತ ಅವರು ಅಲ್ಲೇ ತೋರಿಸಿರುತ್ತಾರೆ.

ಆಮೇಲೆ ಅವರು, "ವು ಕೊನೇಸೇ ಆಲ್ಬಿ?" ಅಂದರು. ಆಲ್ಬಿ ಇಲ್ಲಿಂದ ಸುಮಾರು 75 ಕಿಲೋಮೀಟರ್ ದೂರದ ಊರು. ತಾರ್ನ್ ನದಿಯ ದಡದಲ್ಲಿದೆ, ಕೆಂಪು ಇಟ್ಟಿಗೆಯ ದೊಡ್ಡ ಕೆಥೆಡ್ರಲ್‌ಗೆ ಹೆಸರುವಾಸಿ. ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ದಿನಾ ಆ ಹೆಸರು ನೋಡುತ್ತೇನೆ. ಗೊತ್ತಲ್ಲ, ಅದಕ್ಕೇ "ವುಯಿ" ಅಂದೆ. ತಕ್ಷಣ ಅವರು, ಅಲ್ಲಿ ನಿಮಗೆ ಏನು ಇಷ್ಟ ಆಯಿತು ಅಂತ ಕೇಳಿದರು. ನನಗೆ ಬಾಯಿ ಕಟ್ಟಿತು. ಊರಿನ ಮುಂದೆ ಕೊನೇತ್ರ್ ಬಂದರೆ ಸಾಮಾನ್ಯವಾಗಿ 'ಹೋಗಿದ್ದೀರಾ, ನೋಡಿದ್ದೀರಾ' ಅಂತಲೇ ಅರ್ಥ. ಹೆಸರು ಕೇಳಿರುವುದು ಲೆಕ್ಕಕ್ಕಿಲ್ಲ. ನಾನು ಹೋಗಿಲ್ಲದ ಊರಿಗೆ ಹೋಗಿದ್ದೇನೆ ಅಂದುಬಿಟ್ಟಿದ್ದೆ. ಅಲ್ಲಿಂದ ಮುಂದೆ ಪ್ರತಿ ವಾಕ್ಯದಲ್ಲೂ ಇದಾ ಅದಾ ಅಂತ ತಡವರಿಸಿದೆ. ಎರಡನೇ ಭಾಗದಲ್ಲಿ ತಯಾರಿಗೆ ಸಮಯ ಕೊಡುವುದಿಲ್ಲ, ಒಂದು ಸನ್ನಿವೇಶ ಕೊಟ್ಟು ಪರೀಕ್ಷಕರ ಜೊತೆ ಮಾತಾಡಿ ಅನ್ನುತ್ತಾರೆ. ಕಾರು ಬಾಡಿಗೆಗೆ ತೆಗೆದುಕೊಂಡು ಪ್ರವಾಸ ಹೋಗೋಣ ಅನ್ನುವ ಗೆಳೆಯನಿಗೆ ಉತ್ತರ ಹೇಳಬೇಕಿತ್ತು. "ಜು ಕೊನೇ ಕೊಂದ್ವೀರ್" ಅಂದೆ, ಕಾರು ಓಡಿಸಲು ಗೊತ್ತು ಅಂತ. ಆ ವಾಕ್ಯ ಫ್ರೆಂಚಿನಲ್ಲಿ ನಿಲ್ಲುವುದೇ ಇಲ್ಲ. ಅದೂ ಆಮೇಲೆ ಗೊತ್ತಾಗಿದ್ದು.

ಸುಮಾರು ಐದು ವಾರ ಕಾದೆ. 14, 17, 8, 7. ಒಟ್ಟು 46.

ನಾಲ್ಕು ಅಂಕಕ್ಕೆ ಹೋಯಿತು. ಆ ರಾತ್ರಿ ಅನ್ನ ಸೇರಲಿಲ್ಲ. ಒಂದು ಕ್ರಿಯಾಪದ ತಪ್ಪಾಗಿದ್ದಕ್ಕೆ ಯಾರೂ ಫೇಲ್ ಮಾಡುವುದಿಲ್ಲ, ಪದಸಂಪತ್ತು, ವ್ಯಾಕರಣ, ಮಾತಿನ ಓಟ ಎಲ್ಲ ಸೇರಿಸಿ ಅಂಕ ಹಾಕುತ್ತಾರೆ. ಆದರೆ ನನ್ನ ಮಾತು ನಿಂತಿದ್ದು ಎಲ್ಲೆಲ್ಲಿ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಂದು ವಿಷಯ: ಪಾಸಾದ ಭಾಗದ ಅಂಕ ಮುಂದಿನ ಸಲಕ್ಕೆ ಸೇರುವುದಿಲ್ಲ. ನಾಲ್ಕೂ ಭಾಗ ಮತ್ತೆ ಬರೆಯಬೇಕು, ಪೂರ್ತಿ ಫೀಸು ಮತ್ತೆ ಕಟ್ಟಬೇಕು. ಮಾರ್ಚಿಗೆ ಮತ್ತೆ ಹೆಸರು ಕೊಟ್ಟೆ.

ಒಂದು ಒಳ್ಳೆಯ ಕೆಲಸ ಮಾತ್ರ ಮಾಡಿದ್ದೆ. ಪರೀಕ್ಷೆಯ ದಿನ ಸಂಜೆಯೇ ನೆನಪಿದ್ದಷ್ಟು ವಾಕ್ಯ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ನಮ್ಮ ಬಡಾವಣೆಯ ಒಂದು ಸಂಘದಲ್ಲಿ ವಾರಕ್ಕೆ ಎರಡು ದಿನ ಫ್ರೆಂಚ್ ಹೇಳಿಕೊಡುತ್ತಾರೆ. ವರ್ಷಕ್ಕೆ 20 ಯೂರೋ ಸದಸ್ಯತ್ವ, ಪಾಠ ಪುಕ್ಕಟೆ. ಹೇಳಿಕೊಡುವವರು ರಿಟೈರಾದ ಶಾಲಾ ಟೀಚರು, ನಾವೆಲ್ಲ ಮದಾಂ ಅಂತಲೇ ಕರೆಯುತ್ತೇವೆ. ಆ ನೋಟ್‌ಬುಕ್ ಅವರಿಗೆ ತೋರಿಸಿದೆ. ಅವರು ಪೆನ್ಸಿಲ್ ತೆಗೆದುಕೊಂಡು ಏನೂ ಹೇಳದೆ 11 ಕಡೆ ಗೆರೆ ಎಳೆದರು. ಹನ್ನೊಂದೂ ಇದೇ ಎರಡು ಕ್ರಿಯಾಪದಗಳು.

"ಅರ್ಥ ನೋಡಬೇಡಿ, ಪಕ್ಕದಲ್ಲಿ ಏನು ಕೂತಿದೆ ನೋಡಿ" ಅಂದರು. ಕೊನೇತ್ರ್ ಪಕ್ಕದಲ್ಲಿ ಯಾವಾಗಲೂ ಒಂದು ಹೆಸರು ಇರಬೇಕು. ವ್ಯಕ್ತಿ, ಊರು, ಬೀದಿ, ಅಂಗಡಿ, ಹಾಡು, ಹೀಗೆ ಯಾವುದಾದರೂ. ಅದರ ಮುಂದೆ ಇನ್ನೊಂದು ವಾಕ್ಯ ಬರುವುದಿಲ್ಲ, ಇನ್ನೊಂದು ಕ್ರಿಯಾಪದವೂ ಬರುವುದಿಲ್ಲ. ಅವೆರಡೂ ಬರುವುದು ಸಾವ್ವಾರ್ ಮುಂದೆ. 'ಅವನು ಬಂದಿದ್ದಾನೆ ಅಂತ ಗೊತ್ತು', 'ಎಲ್ಲಿದ್ದಾನೆ ಅಂತ ಗೊತ್ತು', 'ಯಾವಾಗ ಬರುತ್ತಾನೋ ಗೊತ್ತಿಲ್ಲ', ಇವೆಲ್ಲ ಸಾವ್ವಾರ್. ವ್ಯಕ್ತಿಯ ಮುಂದೆ 'ಪರಿಚಯ' ಅನ್ನುವ ಅರ್ಥದಲ್ಲಿ ಸಾವ್ವಾರ್ ಬರುವುದೇ ಇಲ್ಲ. ನನ್ನ 'ಜು ಸೇ ಬೋಕು ದ ಜಾಂ' ಎಡವಿದ್ದು ಅಲ್ಲೇ.

ಒಂದೇ ವಾಕ್ಯದಲ್ಲಿ ಎರಡನ್ನೂ ಇಟ್ಟು ತೋರಿಸಿದರು. "ಜು ಸೇ ಕೀ ಸೆ, ಮೇ ಜು ನು ಲು ಕೊನೇ ಪಾ." ಅವರು ಯಾರು ಅಂತ ಗೊತ್ತು, ಆದರೆ ಪರಿಚಯ ಇಲ್ಲ. ಊರಿನ ಮೇಯರ್ ಬಗ್ಗೆ ನಾವೆಲ್ಲ ಹೇಳಬಹುದಾದ ಮಾತು. ನನ್ನ ಆಲ್ಬಿ ಪ್ರಶ್ನೆಗೂ ಇದೇ ಅಚ್ಚಿನ ಉತ್ತರ ಬೇಕಾಗಿತ್ತು: "ಜು ಸೇ ಊ ಸೆ, ಮೇ ಜು ನು ಕೊನೇ ಪಾ." ಎಲ್ಲಿದೆ ಅಂತ ಗೊತ್ತು, ಹೋಗಿಲ್ಲ. ಆವತ್ತು ಇಷ್ಟು ಬಂದಿದ್ದರೆ ಸಾಕಾಗಿತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಮಾರನೇ ವಾರ ಮತ್ತೆ ತಲೆ ಕೆಟ್ಟಿತು. ಒಂದು ಕಡೆ 'ಫೋನ್ ನಂಬರ್ ಗೊತ್ತು' ಅನ್ನಲು ಕೊನೇತ್ರ್ ಕೇಳಿದೆ, ಇನ್ನೊಂದು ಕಡೆ ಸಾವ್ವಾರ್. ಮದಾಂ ಅಂದರು: ನಂಬರು, ಉತ್ತರ, ನಿಜ, ಒಬ್ಬರ ಹೆಸರು, ಇಂಥ ಮಾಹಿತಿಯ ಹೆಸರುಪದಗಳಿಗೆ ಎರಡೂ ನಡೆಯುತ್ತೆ. ಅಲ್ಲಿ ಭಯಪಡುವುದೇ ಬೇಡ, ಹೆಸರುಪದ ಇದ್ದರೆ ಕೊನೇತ್ರ್ ಹಾಕಿ. ಆದರೆ ಬಾಯಿಪಾಠ ಮಾಡಿದ್ದಕ್ಕೆ ಸಾವ್ವಾರ್ ಹೆಚ್ಚು ಸಹಜ. ಮಗು ಪಾಠ ಒಪ್ಪಿಸುವಷ್ಟು ಕಲಿತಿದ್ದರೆ 'ಇಲ್ ಸೇ ಸಾ ಲುಸೋಂ' ಅನ್ನುತ್ತಾರೆ. ಹಾಗೇ 'ಎಲ್ಲಾ ಗೊತ್ತು', 'ಏನೂ ಗೊತ್ತಿಲ್ಲ', 'ಅದು ಗೊತ್ತು' ಅನ್ನುವಾಗ ಸಾವ್ವಾರ್. ಇದರಲ್ಲಿ ಒಂದು ಸೂಕ್ಷ್ಮ ಇದೆ. 'ಜು ಲು ಸೇ' ಅಂದರೆ 'ಆ ವಿಷಯ ನನಗೆ ಗೊತ್ತು'. 'ಜು ಲು ಕೊನೇ' ಅಂದರೆ 'ಅವನು ನನಗೆ ಪರಿಚಯ'. ನಡುವಿನ 'ಲು' ಎರಡರಲ್ಲೂ ಒಂದೇ. ಅದು ವಿಷಯವೋ ಮನುಷ್ಯನೋ ಅಂತ ಹೇಳುವುದು ಕ್ರಿಯಾಪದ.

ನಿಯಮ ಅರ್ಥವಾಯಿತು. ಆದರೆ ಮಾತಾಡುವಾಗ ಪಕ್ಕದಲ್ಲಿ ಏನು ಕೂತಿದೆ ಅಂತ ಯೋಚಿಸುತ್ತಾ ನಿಂತರೆ ಎದುರಿಗಿರುವವರು ಕಾಯುತ್ತಾರಾ? ಡಿಸೆಂಬರ್ ಕೊನೆಯವರೆಗೂ ತಡವರಿಕೆ ಹೋಗಲಿಲ್ಲ. ಹೋಗಿದ್ದು ಅಮ್ಮನ ಒಂದು ಫೋನ್‌ನಿಂದ.

ಅಮ್ಮ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಆವತ್ತು ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದರು. "ಮನೆ ಹತ್ರ ಯಾರಾದ್ರೂ ಪರಿಚಯ ಆದ್ರೇನೇ? ಮಗುಗೆ ಈಜಕ್ಕೆ ಬರುತ್ತಾ ಈಗ? ನಿನ್ನ ಪರೀಕ್ಷೆ ಯಾವಾಗ ಅಂತ ಗೊತ್ತಾಯ್ತಾ?" ನಾನು ಉತ್ತರ ಹೇಳುವುದು ಬಿಟ್ಟು "ಅಮ್ಮ, ಇನ್ನೊಂದ್ಸಲ ಹೇಳಮ್ಮ" ಅಂದೆ. ಪರಿಚಯ ಆದರಾ: ಕೊನೇತ್ರ್. ಈಜಕ್ಕೆ ಬರುತ್ತಾ: ಸಾವ್ವಾರ್ ಜೊತೆ ಕ್ರಿಯಾಪದ. ಯಾವಾಗ ಅಂತ ಗೊತ್ತಾಯ್ತಾ: ಸಾವ್ವಾರ್ ಜೊತೆ ವಾಕ್ಯ. ನಾನು ಇಷ್ಟು ದಿನ ತಲೆಯಲ್ಲಿ ಇಂಗ್ಲಿಷಿನಿಂದ ಫ್ರೆಂಚಿಗೆ ಹೋಗುತ್ತಿದ್ದೆ. ಇಂಗ್ಲಿಷಿನಲ್ಲಿ ಜನಕ್ಕೂ ವಿಷಯಕ್ಕೂ ಒಂದೇ ಪದ, ಅಲ್ಲಿಂದ ಹೊರಟರೆ ದಾರಿ ಕವಲೊಡೆಯುವ ಕಡೆ ಗುರುತೇ ಇಲ್ಲ. ಕನ್ನಡದಲ್ಲಿ ಗುರುತು ಇತ್ತು, ನಾನು ನೋಡಿರಲಿಲ್ಲ.

ಕನ್ನಡದ 'ಗೊತ್ತು' ಮಾತ್ರ ಎಲ್ಲ ಕಡೆಯೂ ನುಗ್ಗುತ್ತೆ, ಅದನ್ನು ನಂಬಬೇಡಿ. 'ಅವರು ನನಗೆ ಗೊತ್ತು' ಅಂತಲೂ ಅನ್ನುತ್ತೇವಲ್ಲ. ಅದಕ್ಕೇ ಒಂದು ಪರೀಕ್ಷೆ ಮಾಡಿಕೊಂಡೆ. 'ಗೊತ್ತು' ತೆಗೆದು 'ಪರಿಚಯ ಇದೆ' ಅಥವಾ 'ನೋಡಿದ್ದೇನೆ' ಅಂತ ಹಾಕಿದರೂ ಮಾತು ನಿಂತರೆ ಕೊನೇತ್ರ್. 'ಅವರ ಪರಿಚಯ ಇದೆ', ನಿಂತಿತು. 'ಆಲ್ಬಿ ನೋಡಿದ್ದೇನೆ', ನಿಂತಿತು. 'ಅವರು ಬರುತ್ತಾರೆ ಅಂತ ಪರಿಚಯ ಇದೆ', ನಿಲ್ಲಲ್ಲ, ಹಾಗಾಗಿ ಸಾವ್ವಾರ್. 'ಗೊತ್ತು' ಹಿಂದೆ 'ಅಂತ' ಕೇಳಿಸಿದರೆ ಯೋಚನೆಯೇ ಬೇಡ.

ಇನ್ನು ಕೌಶಲದ ಮಾತು. ಇದನ್ನು ನಾನು ಎರಡು ವರ್ಷದ ಹಿಂದೆಯೇ ಈಜುಕೊಳದಲ್ಲಿ ಕಲಿಯಬೇಕಾಗಿತ್ತು. ಮಗಳನ್ನು ಈಜಿನ ಕ್ಲಾಸಿಗೆ ಸೇರಿಸಲು ಹೋಗಿದ್ದೆ. ಅವಳಿಗೆ ಆಗ ಆರು ವರ್ಷ. ಅವಳಿಗೆ ಈಜು ಬರುವುದಿಲ್ಲ ಅಂತ ಹೇಳಬೇಕು. "ಎಲ್ ನು ಪು ಪಾ ನಾಜೇ" ಅಂದೆ. ಈಜು ಕಲಿಸುವವರು ಅವಳ ಮುಖ ನೋಡಿ, "ಮಲಾದ್?" ಅಂದರು. ಹುಷಾರಿಲ್ಲವಾ ಅಂತ. ಇಲ್ಲ ಇಲ್ಲ, ಚೆನ್ನಾಗಿದ್ದಾಳೆ ಅಂದೆ. ಹಾಗಾದರೆ ಸರಿ, ದೊಡ್ಡ ಕೊಳಕ್ಕೆ ಬರಲಿ ಅಂತ ಕೈ ತೋರಿಸಿದರು. ನಾನು ಓಡಿಹೋಗಿ ಮಗಳ ಕೈ ಹಿಡಿದುಕೊಂಡೆ. ಆಮೇಲೆ ಕೈಸನ್ನೆಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಅವರು "ಆ, ಎಲ್ ನು ಸೇ ಪಾ ನಾಜೇ!" ಅಂದರು.

ಏನಾಗಿತ್ತು ಅಂದರೆ, ನಾನು ಬಳಸಿದ್ದು ಪುವ್ವಾರ್, ಅಂದರೆ 'ಆಗುತ್ತೆ'. 'ಅವಳಿಗೆ ಈಜಕ್ಕೆ ಆಗಲ್ಲ' ಅಂದಿದ್ದೆ. ಕಿವಿ ನೋವು, ಜ್ವರ, ಏನೋ ಕಾರಣ ಇವತ್ತಿಗೆ ಇದೆ ಅಂತ ಅವರಿಗೆ ಕೇಳಿಸಿತು. ನಾನು ಹೇಳಬೇಕಾಗಿದ್ದು 'ಈಜಕ್ಕೆ ಬರಲ್ಲ'. ಕನ್ನಡದಲ್ಲಿ ಯಾವ ಮಗುವೂ 'ಆಗಲ್ಲ'ಕ್ಕೂ 'ಬರಲ್ಲ'ಕ್ಕೂ ತಪ್ಪು ಮಾಡುವುದಿಲ್ಲ. ಫ್ರೆಂಚಿನಲ್ಲೂ ಅದೇ ಗೆರೆ: ಕಲಿತು ಬಂದಿದ್ದು ಸಾವ್ವಾರ್, ಈ ಹೊತ್ತಿಗೆ ಸಾಧ್ಯವಾಗುವುದು ಪುವ್ವಾರ್. ಕೈ ಮುರಿದ ಡ್ರೈವರಿಗೆ ಕಾರು ಓಡಿಸಲು ಬರುತ್ತೆ, ಆದರೆ ಈಗ ಆಗಲ್ಲ. ಇಲ್ಲಿನ ಶಾಲೆಗಳು ಮಕ್ಕಳಿಗೆ ಕೊಡುವ ಈಜಿನ ಪ್ರಮಾಣಪತ್ರದ ಹೆಸರಿನಲ್ಲೇ 'ಸಾವ್ವಾರ್ ನಾಜೇ' ಅಂತ ಇದೆ. ನಮ್ಮನ್ನು ತಪ್ಪಿಸುವುದು ಪುಸ್ತಕದ 'ಬಲ್ಲೆ'. 'ಈಜಬಲ್ಲೆ', 'ಅವನನ್ನು ಬಲ್ಲೆ', 'ಇದು ನಿಜವೆಂದು ಬಲ್ಲೆ', ಮೂರನ್ನೂ ಅದೊಂದೇ ಹೊರುತ್ತೆ. ಅದರ ಮೇಲೆ ಭಾರ ಹಾಕಬೇಡಿ, ಮನೆಮಾತಿನ 'ಬರುತ್ತೆ' ಹಿಡಿದುಕೊಳ್ಳಿ.

ಬೆಲ್ಜಿಯಂ ಕಡೆಯವರ ಹತ್ತಿರ ಮಾತಾಡುವಾಗ ಮಾತ್ರ ಇದು ಸ್ವಲ್ಪ ಅಲ್ಲಾಡುತ್ತೆ. ಅಲ್ಲಿ 'ನಾಳೆ ಬರಕ್ಕೆ ಆಗಲ್ಲ' ಅನ್ನಲೂ ಸಾವ್ವಾರ್ ಬಳಸುವವರಿದ್ದಾರೆ. ಕೇಳಿದಾಗ ಗಾಬರಿ ಬೇಡ, ಪರೀಕ್ಷೆಯಲ್ಲಿ ನಾವು ಹಾಗೆ ಹೇಳುವುದೂ ಬೇಡ.

'ಬರುತ್ತೆ'ಯಲ್ಲೂ ಒಂದು ಎಚ್ಚರಿಕೆ. ನಾವು 'ಅಡುಗೆ ಬರುತ್ತೆ', 'ವೀಣೆ ಬರುತ್ತೆ' ಅಂತ ಹೆಸರುಪದ ಇಟ್ಟು ನಿಲ್ಲಿಸುತ್ತೇವೆ. ಫ್ರೆಂಚಿನಲ್ಲಿ ಮಾಡುವ ಕೆಲಸವನ್ನು ಕ್ರಿಯಾಪದವಾಗಿ ಹೇಳಬೇಕು: ಅಡುಗೆ ಮಾಡಲು ಬರುತ್ತೆ, 'ಜು ಸೇ ಕ್ವಿಜಿನೇ'. ವೀಣೆ ನುಡಿಸಲು ಬರುತ್ತೆ. ಭಾಷೆಯ ಬಗ್ಗೆ ಹೇಳುವಾಗ ಈ ಜಗಳವನ್ನೇ ಬಿಟ್ಟು 'ಜು ಪಾರ್ಲ್ ಫ್ರಾಂಸೇ', ಫ್ರೆಂಚ್ ಮಾತಾಡುತ್ತೇನೆ, ಅಂದರೆ ಆಯಿತು.

ಜನವರಿ ಪೂರ್ತಿ ಭೂತಕಾಲಕ್ಕೆ ಹೋಯಿತು. ಬರೆಯುವ ಭಾಗದಲ್ಲಿ 25ಕ್ಕೆ 8 ಬಂದಿದ್ದು ಯಾಕೆ ಅಂತ ಇಲ್ಲಿ ಗೊತ್ತಾಯಿತು. ಪತ್ರದಲ್ಲಿ ನಾನು, ತುಲೂಸ್‌ಗೆ ಬಂದಾಗ ನನಗೆ ಯಾರೂ ಪರಿಚಯ ಇರಲಿಲ್ಲ ಅಂತ ಬರೆಯಲು ಹೋಗಿ ಕೊನೇತ್ರ್‌ನ ಮುಗಿದ ಭೂತಕಾಲ ಹಾಕಿದ್ದೆ. ಮದಾಂ ಅದನ್ನು ಓದಿ, "ಬಂದವರು ಒಬ್ಬರನ್ನೂ ಭೇಟಿಯೇ ಆಗಲಿಲ್ಲವಾ?" ಅಂದರು. ಫ್ರೆಂಚಿನಲ್ಲಿ ಎರಡು ಭೂತಕಾಲ ಮುಖ್ಯ. ಒಂದು ಹಿಂದೆ ಇದ್ದ ಸ್ಥಿತಿ ಹೇಳುತ್ತೆ, ಇನ್ನೊಂದು ಒಂದು ಸಲ ಆಗಿ ಮುಗಿದದ್ದನ್ನು. ಈ ಎರಡು ಕ್ರಿಯಾಪದಗಳಲ್ಲಿ ಕಾಲ ಬದಲಾದರೆ ಅರ್ಥವೂ ಬದಲಾಗುತ್ತೆ. ಪುಸ್ತಕದಲ್ಲಿ ಇದಕ್ಕೆ ಎರಡು ಪುಟ ವಿವರಣೆ ಇತ್ತು, ತಲೆಗೆ ಹೋಗಿರಲಿಲ್ಲ. ಈ ಸಲ ನೇರ ಕನ್ನಡಕ್ಕೆ ಬಂದೆ. 'ಇತ್ತು' ಮತ್ತು 'ಆಯಿತು', ಅಷ್ಟೇ.

'ಜು ಸಾವೇ' ಅಂದರೆ ಗೊತ್ತಿತ್ತು. 'ಜೇ ಸ್ಯೂ' ಅಂದರೆ ಗೊತ್ತಾಯಿತು. 'ಜು ಕೊನೇಸೇ' ಅಂದರೆ ಪರಿಚಯ ಇತ್ತು. 'ಜೇ ಕೊನ್ಯೂ' ಅಂದರೆ ಪರಿಚಯ ಆಯಿತು. ಒಂದರ ಪಕ್ಕ ಒಂದು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಮದಾಂಗೆ ತೋರಿಸಿ, ನಮ್ಮ ಭಾಷೆಯಲ್ಲಿ ಹೀಗಿದೆ ಅಂತ ವಿವರಿಸಿದೆ. ಅವರು 'ಇತ್ತು', 'ಆಯಿತು' ಅಂತ ಎರಡು ಸಲ ಬಾಯಲ್ಲಿ ಹೇಳಿ ನೋಡಿದರು.

ಆಮೇಲೆ ಅವರೊಂದು ವಿಷಯ ಹೇಳಿದರು. ಸಾವ್ವಾರ್ ಬಂದಿದ್ದು ಲ್ಯಾಟಿನ್ನಿನ 'ಸಪೆರೆ'ಯಿಂದ. ಅದರ ಮೊದಲ ಅರ್ಥ ರುಚಿ ಇರುವುದು, ರುಚಿ ನೋಡುವುದು. ಫ್ರೆಂಚಿನಲ್ಲಿ ರುಚಿಗೆ ಇರುವ 'ಸಾವೂರ್' ಅನ್ನುವ ಪದವೂ ಅದೇ ಬೇರಿನದು. ನನಗೆ ಮೈ ಜುಮ್ಮೆಂದಿತು. ಬಲ್ಲವನೇ ಬಲ್ಲ ಬೆಲ್ಲದ ಸವಿಯ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಎಲ್ಲಿಯ ಲ್ಯಾಟಿನ್, ಎಲ್ಲಿಯ ಹಾಸನ! ಗಾದೆಯನ್ನು ಅವರಿಗೆ ಅರ್ಥ ಮಾಡಿ ಹೇಳಿದೆ. ಮದಾಂಗೆ ತುಂಬಾ ಖುಷಿಯಾಯಿತು, ಆದರೆ ಪಾಠ ಬಿಡಲಿಲ್ಲ. ಬೇರು ಏನೇ ಇರಲಿ, ಇವತ್ತಿನ ಫ್ರೆಂಚಿನಲ್ಲಿ ಬೆಲ್ಲದ ಸವಿ ಗೊತ್ತು ಅನ್ನಲು ಕೊನೇತ್ರ್ ಬೇಕು ಅಂದರು. ತಿಂದು ಗೊತ್ತಾದದ್ದು ಅದು.

ಈ 'ತಿಂದು ಗೊತ್ತಾದದ್ದು' ಎಷ್ಟು ದೂರ ಹೋಗುತ್ತೆ ಅಂತ ಫೆಬ್ರವರಿಯಲ್ಲಿ ಗೊತ್ತಾಯಿತು. ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ತೊಂಬತ್ತರ ಹತ್ತಿರದ ಒಬ್ಬ ಅಜ್ಜಿ ಇದ್ದಾರೆ. ಅವರ ಔಷಧಿ ತಂದುಕೊಡಲು ಹೋಗಿದ್ದೆ. ನಾನು ಒಲೆಯ ಪಕ್ಕದ ಒಣಗಿದ ಬ್ರೆಡ್ಡಿನ ತುಂಡನ್ನು ಕಸಕ್ಕೆ ಹಾಕಲು ಹೊರಟೆ. ಅವರು ನನ್ನ ಮಣಿಕಟ್ಟು ಹಿಡಿದು ಬ್ರೆಡ್ ವಾಪಸ್ ತೆಗೆದುಕೊಂಡರು. "ಜೇ ಕೊನ್ಯೂ ಲಾ ಗೇರ್" ಅಂದರು. ಗೇರ್ ಅಂದರೆ ಯುದ್ಧ. ಯುದ್ಧದ ಬಗ್ಗೆ ಅವರಿಗೆ ಮಾಹಿತಿ ಇದೆ ಅಂತಲ್ಲ ಅದರ ಅರ್ಥ. ಯುದ್ಧ ಕಂಡವಳು ನಾನು ಅಂತ. ನಮ್ಮಲ್ಲೂ ಕಷ್ಟ ಕಂಡವರು, ಹಸಿವು ಕಂಡವರು ಅನ್ನುತ್ತೇವಲ್ಲ, ಆ 'ಕಂಡ'. ನಾನು ಏನೂ ಮಾತಾಡದೆ ಆ ತುಂಡನ್ನು ಡಬ್ಬಿಗೆ ಹಾಕಿದೆ. ಅವತ್ತಿನಿಂದ ಕೊನೇತ್ರ್ ಬಗ್ಗೆ ನನಗೆ ನಿಯಮ ನೆನಪಿಸಿಕೊಳ್ಳುವ ಅಗತ್ಯ ಬಿದ್ದಿಲ್ಲ.

ಮಾರ್ಚಿನ ಪರೀಕ್ಷೆ. ಕರೆಪತ್ರ ಮತ್ತು ಫೋಟೋ ಇರುವ ಗುರುತಿನ ಚೀಟಿ, ಎರಡೂ ಮೂಲ ಪ್ರತಿ ತೆಗೆದುಕೊಂಡು ಹೋಗಿ. ಬರೆಯುವ ಭಾಗದಲ್ಲಿ ನಾನು ಕೊನೆಯ ಐದು ನಿಮಿಷ ಉಳಿಸಿಕೊಂಡು ಬರೀ 'ಗೊತ್ತು'ಗಳನ್ನು ಹುಡುಕಿ ನೋಡಿದೆ. ನಾಲ್ಕು ಸಿಕ್ಕವು, ಅದರಲ್ಲಿ ಒಂದು 'ಆಯಿತು' ಇದ್ದ ಕಡೆ 'ಇತ್ತು' ಬರೆದಿದ್ದೆ, ತಿದ್ದಿದೆ. ಮಾತಿನ ಪರೀಕ್ಷೆಯಲ್ಲಿ ಮೂರನೇ ಭಾಗಕ್ಕೆ ಮಾತ್ರ ಮೊದಲೇ 10 ನಿಮಿಷ ತಯಾರಿ ಕೊಡುತ್ತಾರೆ. ಎರಡು ಚೀಟಿ ತೆಗೆದು ಒಂದನ್ನು ಆರಿಸಿಕೊಂಡು, ನಮ್ಮ ಅಭಿಪ್ರಾಯ ಹೇಳಬೇಕು. ನನಗೆ ಬಂದಿದ್ದು ಅಕ್ಕಪಕ್ಕದ ಮನೆಯವರ ಬಗ್ಗೆ ಒಂದು ಚಿಕ್ಕ ಬರಹ. ದೊಡ್ಡ ಕಟ್ಟಡಗಳಲ್ಲಿ ಜನ ಒಬ್ಬರಿಗೊಬ್ಬರು ಅಪರಿಚಿತರು ಅಂತ ಅದರಲ್ಲಿತ್ತು.

ಕೆಳಗಿನ ಮನೆಯ ಅಜ್ಜಿಯ ವಿಷಯ ಹೇಳಿದೆ. ಎರಡು ವರ್ಷ ಅವರ ಹೆಸರು ನನಗೆ ಗೊತ್ತಿತ್ತು, ಅಂಚೆಪೆಟ್ಟಿಗೆಯ ಮೇಲೆ ಬರೆದಿತ್ತು. ಅವರು ಒಬ್ಬರೇ ಇರುತ್ತಾರೆ ಅಂತಲೂ ಗೊತ್ತಿತ್ತು. ಆದರೆ ಅವರ ಪರಿಚಯ ಇರಲಿಲ್ಲ. ಒಂದು ದಿನ ಲಿಫ್ಟ್ ಕೆಟ್ಟು ಅವರ ಚೀಲ ಎತ್ತಿಕೊಂಡಾಗ ಪರಿಚಯ ಆಯಿತು. ಹೇಳಿ ಮುಗಿಸಿದ ಮೇಲೆ ಗಮನಿಸಿದೆ, ಗೋಡೆಯ ಮೇಲಿನ ನಾಲ್ಕರಲ್ಲಿ ಮೂರು ರೂಪ ಬಂದಿದ್ದವು, ನಾನು ಒಂದು ಕಡೆಯೂ ನಿಂತಿರಲಿಲ್ಲ. ಪರೀಕ್ಷಕರು ಈ ಸಲ ನನ್ನ ಯಾವ ಮಾತನ್ನೂ ತಿರುಗಿಸಿ ಹೇಳಲಿಲ್ಲ.

ನಾಲ್ಕು ವಾರದಲ್ಲಿ ಫಲಿತಾಂಶ ಬಂತು: 15, 18, 14, 15.5. ಮೊದಲು ಸಿಗುವುದು ಪಾಸಾದ ಪತ್ರ, ಮೂಲ ಡಿಪ್ಲೊಮಾ ಬರಲು ಇನ್ನೂ ಕೆಲವು ತಿಂಗಳು ಬೇಕು. ನಾನು ಪತ್ರದ ಪ್ರತಿಯನ್ನೇ ಅರ್ಜಿಯ ಜೊತೆ ಇಟ್ಟಿದ್ದೇನೆ. ಪತ್ರ ಕಳೆಯಬೇಡಿ, ಬಂದ ದಿನವೇ ಸ್ಕ್ಯಾನ್ ಮಾಡಿಡಿ. ಡಿಪ್ಲೊಮಾಗೆ ಅವಧಿ ಇಲ್ಲ, ಒಂದು ಸಲ ಪಾಸಾದರೆ ಯಾವಾಗಲೂ ನಡೆಯುತ್ತೆ. ಒಟ್ಟು ಖರ್ಚು ಎರಡು ಸಲದ ಫೀಸು ಸೇರಿ ಸುಮಾರು 300 ಯೂರೋ, ಸಂಘದ 20, ಮತ್ತೆ ಒಂದು ನೋಟ್‌ಬುಕ್.

ಬರುವ ಭಾನುವಾರ ಬೆಳಗಿನ ರೈಲಿಗೆ ಮೂವರೂ ಆಲ್ಬಿಗೆ ಹೋಗುತ್ತಿದ್ದೇವೆ. ಕೆಳಗಿನ ಮನೆಯ ಅಜ್ಜಿಗೆ ಹೇಳಿದಾಗ, "ವು ಕೊನೇಸೇ?" ಅಂದರು. ಎಲ್ಲಿದೆ ಅಂತ ಗೊತ್ತು, ಇನ್ನೂ ನೋಡಿಲ್ಲ ಅಂದೆ.